ಚಿಪ್ಪಿನಲ್ಲಿ ಕಂಡ ಬೆಳ್ಳಿ: ದರ್ಶನಗಳನ್ನು ಓದಲು ಹೊರಟವರಿಗೆ ಒಂದು ಬಹಿರಂಗ ಪತ್ರ

ತೌಲನಿಕ ಧರ್ಮಾಧ್ಯಯನದ ಮೊದಲ ವರ್ಷದ ವಿದ್ಯಾರ್ಥಿ, ವಿದ್ಯಾರ್ಥಿನಿಯರಿಗೆ,

ಹಿಂದೂ ದರ್ಶನಗಳು ಆರು ಎಂದು ಎಣಿಸುವುದು ಪಠ್ಯಪುಸ್ತಕಗಳ ರೂಢಿ: ನ್ಯಾಯ, ವೈಶೇಷಿಕ, ಸಾಂಖ್ಯ, ಯೋಗ, ಪೂರ್ವಮೀಮಾಂಸೆ, ವೇದಾಂತ. ಇವುಗಳಿಗೆ ಆಸ್ತಿಕ ದರ್ಶನಗಳೆಂಬ ಹೆಸರು ಬಂದಿರುವುದು ವೇದದ ಪ್ರಾಮಾಣ್ಯವನ್ನು ಒಪ್ಪುವುದರಿಂದಲೇ ಹೊರತು ದೇವರನ್ನು ಒಪ್ಪುವುದರಿಂದಲ್ಲ. ಪ್ರಾಚೀನ ಸಾಂಖ್ಯಕ್ಕೆ ಈಶ್ವರನ ಅಗತ್ಯವಿಲ್ಲ. ವೇದದ ಒಂದೊಂದು ವಿಧಿವಾಕ್ಯಕ್ಕೂ ಜೀವ ತೇಯ್ದ ಮೀಮಾಂಸಕರು ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪುವುದಿಲ್ಲ. ಆರು ಎಂಬ ಎಣಿಕೆಯೂ ಮೊದಲಿನಿಂದ ಹೀಗೆಯೇ ಇದ್ದದ್ದಲ್ಲ. 8ನೇ ಶತಮಾನದ ಜೈನ ವಿದ್ವಾಂಸ ಹರಿಭದ್ರ ಸೂರಿ ತನ್ನ ‘ಷಡ್ದರ್ಶನ ಸಮುಚ್ಚಯ’ದಲ್ಲಿ ಎಣಿಸಿದ ಆರರೊಳಗೆ ಬೌದ್ಧ ಮತ್ತು ಜೈನ ದರ್ಶನಗಳಿವೆ, ವೇದಾಂತಕ್ಕೆ ಅಲ್ಲಿ ಬೇರೆ ಸ್ಥಾನವೇ ಇಲ್ಲ. 14ನೇ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವಾಚಾರ್ಯರ ‘ಸರ್ವದರ್ಶನ ಸಂಗ್ರಹ’ ಚಾರ್ವಾಕದಿಂದ ಆರಂಭವಾಗಿ ಒಂದೊಂದೇ ಮತವನ್ನು ದಾಟುತ್ತಾ ಅದ್ವೈತದ ಕಡೆಗೆ ಏರುತ್ತದೆ. ಇಂದಿನ ಎಷ್ಟೋ ಪಠ್ಯಗಳು ಹಿಡಿದಿರುವ ಕ್ರಮ ಇದೇ. ಅದು ಒಂದು ಮತದ ಕಣ್ಣಿಗೆ ಕಂಡ ಕ್ರಮ ಎಂಬುದು ಆರಂಭದಲ್ಲೇ ಗೊತ್ತಿದ್ದರೆ ಒಳ್ಳೆಯದು.

ಈ ದರ್ಶನಗಳನ್ನು ಕಲಿಸುವ ಸುಲಭ ದಾರಿಯೆಂದರೆ ಪಟ್ಟಿ. ನ್ಯಾಯಕ್ಕೆ ಗೌತಮ, ವೈಶೇಷಿಕಕ್ಕೆ ಕಣಾದ, ಸಾಂಖ್ಯಕ್ಕೆ ಕಪಿಲ. ವೈಶೇಷಿಕರಿಗೆ ಎರಡು ಪ್ರಮಾಣ, ಸಾಂಖ್ಯರಿಗೆ ಮೂರು, ನೈಯಾಯಿಕರಿಗೆ ನಾಲ್ಕು. ಉತ್ತರಪತ್ರಿಕೆಗಳಲ್ಲಿ ಈ ಪಟ್ಟಿ ತಪ್ಪಿಲ್ಲದೆ ಬರುತ್ತದೆ. ಆದರೆ ಒಬ್ಬ ನೈಯಾಯಿಕನಿಗೂ ಒಬ್ಬ ಅದ್ವೈತಿಗೂ ನಿಜವಾಗಿ ಎಲ್ಲಿ ಜಗಳ ಎಂದು ಕೇಳಿದರೆ ಪಟ್ಟಿ ಬಾಯಿ ಬಿಡುವುದಿಲ್ಲ. ಜಗಳ ಎಲ್ಲಿದೆಯೆಂದು ತಿಳಿಯಬೇಕಾದರೆ ಎಲ್ಲರೂ ಉತ್ತರಿಸಿರುವ ಒಂದೇ ಪ್ರಶ್ನೆಯನ್ನು ಹಿಡಿದು ಮನೆಯಿಂದ ಮನೆಗೆ ಹೋಗಬೇಕು. ಅಂಥ ಪ್ರಶ್ನೆಯೊಂದನ್ನು ಈ ಪರಂಪರೆಯೇ ಸಿದ್ಧಮಾಡಿ ಇಟ್ಟಿದೆ. ಅದು ಭ್ರಮೆಯ ಪ್ರಶ್ನೆ. ಶಾಸ್ತ್ರದಲ್ಲಿ ಅದರ ಹೆಸರು ಖ್ಯಾತಿವಾದ. ಮೈಸೂರಿನ ಪ್ರೊ. ಎಂ. ಹಿರಿಯಣ್ಣನವರು ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳನ್ನು ಕುರಿತು 1932ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲೂ ಮುಖ್ಯ ದರ್ಶನಗಳನ್ನು ವಿವರಿಸುವಾಗ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಪ್ರಸಂಗ ಬಹಳ ಚಿಕ್ಕದು. ಒಬ್ಬನು ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದಾನೆ. ಸ್ವಲ್ಪ ದೂರದಲ್ಲಿ ಮರಳಿನ ಮೇಲೆ ಏನೋ ಹೊಳೆಯುತ್ತದೆ. ‘ಇದು ಬೆಳ್ಳಿ’ ಎಂದುಕೊಂಡು ಹತ್ತಿರ ಹೋಗಿ, ಬಾಗಿ, ಕೈಗೆತ್ತಿಕೊಳ್ಳುತ್ತಾನೆ. ಆಗ ‘ಇದು ಬೆಳ್ಳಿಯಲ್ಲ, ಚಿಪ್ಪು’ ಎಂದು ತಿಳಿಯುತ್ತದೆ. ಇಷ್ಟೇ. ಇದರಲ್ಲಿ ಯಾವ ಸಿದ್ಧಾಂತವೂ ಅಲ್ಲಗಳೆಯಲಾಗದ ಮೂರು ಸಂಗತಿಗಳಿವೆ. ಬೆಳ್ಳಿ ಅವನಿಗೆ ಎದುರಿಗಿರುವಂತೆ ಕಂಡಿತು, ಬರೀ ನೆನಪಾದಂತೆ ಅಲ್ಲ. ಆ ಅರಿವು ಅವನನ್ನು ನಡೆಸಿತು. ಅವನು ಕೈ ಚಾಚಿದ. ಆಮೇಲೆ ಬಂದ ಅರಿವು ಮೊದಲಿನದನ್ನು ಹೊಡೆದುಹಾಕಿತು. ಶಾಸ್ತ್ರಕಾರರು ಇದನ್ನು ಬಾಧ ಎನ್ನುತ್ತಾರೆ. ಈ ಮೂರನ್ನೂ ಹೊಂದಿಸಿ ಉತ್ತರಿಸಬೇಕಾದ ಪ್ರಶ್ನೆ: ಅವನು ಕಂಡ ಆ ಬೆಳ್ಳಿ ಯಾವುದು, ಎಲ್ಲಿತ್ತು?

ನೈಯಾಯಿಕನ ಉತ್ತರ ಕೇಳಲು ಎಲ್ಲಕ್ಕಿಂತ ಸರಳ. ಬೆಳ್ಳಿ ನಿಜವಾದದ್ದೇ, ಆದರೆ ಇಲ್ಲಿಲ್ಲ, ಅಕ್ಕಸಾಲಿಗನ ಅಂಗಡಿಯಲ್ಲಿದೆ. ಚಿಪ್ಪೂ ನಿಜ, ಬೆಳ್ಳಿಯೂ ನಿಜ. ಸುಳ್ಳಾದದ್ದು ಅವೆರಡರ ನಡುವೆ ಅರಿವು ಹಾಕಿದ ಗಂಟು ಮಾತ್ರ. ಒಂದು ವಸ್ತು ಇನ್ನೊಂದಾಗಿ ತೋರುವುದರಿಂದ ಇದಕ್ಕೆ ಅನ್ಯಥಾಖ್ಯಾತಿ ಎಂದು ಹೆಸರು. ಇದು ನಡೆಯುವ ಬಗೆಯನ್ನೂ ಅವನು ಹಂತ ಹಂತವಾಗಿ ಹೇಳುತ್ತಾನೆ. ದೂರ, ಮಬ್ಬು ಬೆಳಕು ಇಂಥ ದೋಷದಿಂದ ಕಣ್ಣು ‘ಇದು’ ಎಂಬಷ್ಟನ್ನು ಮತ್ತು ಹೊಳಪನ್ನು ಹಿಡಿಯುತ್ತದೆ. ಚಿಪ್ಪಿನ ವಿಶೇಷ ಲಕ್ಷಣ ತಪ್ಪಿಹೋಗುತ್ತದೆ. ಹೊಳಪು ಹಿಂದೆ ಕಂಡ ಬೆಳ್ಳಿಯ ಸಂಸ್ಕಾರವನ್ನು ಎಬ್ಬಿಸುತ್ತದೆ. ಹಾಗೆ ಎದ್ದ ನೆನಪೇ ಕಣ್ಣಿಗೂ ದೂರದ ಬೆಳ್ಳಿಗೂ ಸೇತುವೆಯಾಗುತ್ತದೆ. ಇದನ್ನು ಜ್ಞಾನಲಕ್ಷಣ ಸನ್ನಿಕರ್ಷ ಎನ್ನುತ್ತಾರೆ. ದೂರದ ಗಂಧದ ಕೊರಡನ್ನು ನೋಡಿದಾಗ ಮೂಗಿಗೆ ಏನೂ ಮುಟ್ಟದೆಯೇ ‘ಸುವಾಸನೆಯ ಗಂಧ’ ಎಂಬ ಪ್ರತ್ಯಕ್ಷವಾಗುವುದೂ ಹೀಗೆಯೇ ಎಂಬುದು ಅವನ ದೃಷ್ಟಾಂತ.

ಈ ಉತ್ತರದ ಹಿಂದೆ ನ್ಯಾಯದ ಇಡೀ ನಿಲುವಿದೆ. ಅರಿವಿನಿಂದ ಹೊರಗೆ, ಅರಿವನ್ನು ಕಾಯದೆ, ಜಗತ್ತು ತಾನಾಗಿ ಇದೆ. ವೈಶೇಷಿಕರು ಅದನ್ನು ದ್ರವ್ಯ, ಗುಣ, ಕರ್ಮ ಮುಂತಾದ ಪದಾರ್ಥಗಳಾಗಿ ವಿಂಗಡಿಸಿ, ಪರಮಾಣುಗಳವರೆಗೆ ಬಿಡಿಸಿ ತೋರಿಸುತ್ತಾರೆ. ಅಂಥ ಜಗತ್ತಿನಲ್ಲಿ ಭ್ರಮೆಗೂ ನಿಜವಾದ ಬಿಡಿಭಾಗಗಳೇ ಬೇಕು. ಅರಿವು ಸರಿಯೋ ತಪ್ಪೋ ಎಂದು ಅದರ ಒಳಗಿನಿಂದ ಗೊತ್ತಾಗುವುದಿಲ್ಲ; ಅದನ್ನು ನಂಬಿ ನಡೆದಾಗ ಫಲ ದೊರಕಿತೇ ಎಂಬುದರಿಂದ ಗೊತ್ತಾಗುತ್ತದೆ. ಎತ್ತಿಕೊಂಡದ್ದು ಬೆಳ್ಳಿಯ ಬೆಲೆ ತಂದರೆ ಅರಿವು ಪ್ರಮಾಣ. ಮೋಕ್ಷವೂ ಇದೇ ಸೂತ್ರಕ್ಕೆ ಕಟ್ಟಿಕೊಂಡಿದೆ: ನ್ಯಾಯಸೂತ್ರಗಳ ಪ್ರಕಾರ ಮಿಥ್ಯಾಜ್ಞಾನ ಹೋದರೆ ರಾಗದ್ವೇಷಾದಿ ದೋಷ, ದೋಷ ಹೋದರೆ ಪ್ರವೃತ್ತಿ, ಅದು ಹೋದರೆ ಜನ್ಮ, ಜನ್ಮ ಹೋದರೆ ದುಃಖ ಹೋಗುತ್ತದೆ. ದೇಹವನ್ನು ಆತ್ಮವೆಂದು ತಿಳಿಯುವುದು ಚಿಪ್ಪನ್ನು ಬೆಳ್ಳಿಯೆಂದು ತಿಳಿದಂಥದೇ ತಪ್ಪು.

ಆಕ್ಷೇಪ ಬರುವುದು ಆ ಸೇತುವೆಯ ಮೇಲೆ. ನೆನಪಿನ ಬಲದಿಂದಲೇ ದೂರದ ವಸ್ತು ಪ್ರತ್ಯಕ್ಷವಾಗುವುದಾದರೆ, ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ನೆನೆದವನಿಗೆ ಬೆಂಕಿಯೂ ಪ್ರತ್ಯಕ್ಷವೇ ಆಗಬೇಕಲ್ಲ? ಆಗ ಅನುಮಾನ ಪ್ರಮಾಣವೇ ಬೇಕಾಗುವುದಿಲ್ಲ. ನೈಯಾಯಿಕನಿಗೆ ಅನುಮಾನವೆಂದರೆ ಪ್ರಾಣ. ಹಾಗಾಗಿ ಅದ್ವೈತಿಗಳು ಎತ್ತಿದ ಈ ಆಕ್ಷೇಪ ಅವನಿಗೆ ನೋಯುವ ಕಡೆಯೇ ತಗಲುತ್ತದೆ.

ಮೀಮಾಂಸಕನ ಚಿಂತೆ ಬೇರೆ. ಅವನಿಗೆ ವೇದ ಅಪೌರುಷೇಯ, ಅಂದರೆ ಯಾರೂ ರಚಿಸದ್ದು, ಈಶ್ವರನೂ ಕೂಡ. ವೇದ ಹೇಳುವ ಫಲಗಳನ್ನು ಪರೀಕ್ಷಿಸಿ ನೋಡುವುದು ಸಾಧ್ಯವಿಲ್ಲ. ಸ್ವರ್ಗ ಸಿಕ್ಕಿತೇ ಇಲ್ಲವೇ ಎಂದು ಬಂದು ಹೇಳುವವರಿಲ್ಲ. ಆದ್ದರಿಂದ ಅರಿವಿನ ಸತ್ಯಕ್ಕೆ ಹೊರಗಿನ ಪರೀಕ್ಷೆ ಬೇಕು ಎಂಬ ನ್ಯಾಯದ ಮಾತನ್ನು ಅವನು ಒಪ್ಪಿದರೆ ವೇದ ಕೈತಪ್ಪುತ್ತದೆ. ಅರಿವು ಹುಟ್ಟುವಾಗಲೇ ತನ್ನ ಪ್ರಾಮಾಣ್ಯವನ್ನು ಹೊತ್ತು ಹುಟ್ಟುತ್ತದೆ ಎಂಬ ಸ್ವತಃಪ್ರಾಮಾಣ್ಯವಾದ ಅವನಿಗೆ ಅನಿವಾರ್ಯ. ಹಾಗಾದರೆ ಚಿಪ್ಪಿನ ಬೆಳ್ಳಿಯನ್ನು ಏನು ಮಾಡುವುದು? ಇಲ್ಲಿ ಮೀಮಾಂಸಕರು ಎರಡಾಗಿ ಒಡೆಯುತ್ತಾರೆ.

ಕುಮಾರಿಲ ಭಟ್ಟನದು ಮಧ್ಯದ ದಾರಿ. ಭ್ರಮೆ ಎಂಬ ತಪ್ಪು ಅರಿವು ಉಂಟು. ಅದರ ವಿವರಣೆ ಹೆಚ್ಚುಕಡಿಮೆ ನ್ಯಾಯದ್ದೇ. ಆದರೆ ತಪ್ಪು ಎಂಬುದು ಮಾತ್ರ ಹೊರಗಿನಿಂದ ಗೊತ್ತಾಗಬೇಕು. ಕರಣದಲ್ಲಿ ದೋಷ ಸಿಗುವವರೆಗೆ, ಇಲ್ಲವೇ ವಿರುದ್ಧವಾದ ಅರಿವು ಬರುವವರೆಗೆ, ಪ್ರತಿಯೊಂದು ಅರಿವೂ ಸತ್ಯವೆಂದೇ ನಿಲ್ಲುತ್ತದೆ. ಮಾತಿನಲ್ಲಿ ದೋಷ ಬರುವುದು ಹೇಳುವವನಿಂದ. ವೇದಕ್ಕೆ ಹೇಳಿದವನೇ ಇಲ್ಲ, ಆದ್ದರಿಂದ ದೋಷ ಹುಡುಕಲು ಜಾಗವೂ ಇಲ್ಲ. ಈಶ್ವರನನ್ನು ಒಪ್ಪದಿರುವುದು ಇಲ್ಲಿ ವೇದಕ್ಕೆ ರಕ್ಷಣೆಯಾಗುತ್ತದೆ. ತೌಲನಿಕ ಅಧ್ಯಯನಕ್ಕೆ ಇಷ್ಟು ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ: ಧರ್ಮಗ್ರಂಥದ ಅಧಿಕಾರ ದೇವರ ಮಾತು ಎಂಬುದರಿಂದ ಬರುತ್ತದೆ ಎಂದು ಬೇರೆ ಎಷ್ಟೋ ಪರಂಪರೆಗಳು ಹೇಳಿದರೆ, ಈತ ಯಾರ ಮಾತೂ ಅಲ್ಲ ಎಂಬುದರಿಂದಲೇ ಅದನ್ನು ಪಡೆಯುತ್ತಾನೆ. ನ್ಯಾಯದವನು ವೇದವನ್ನು ನಂಬುವುದು ಅದು ಈಶ್ವರ ಎಂಬ ನಂಬಿಗಸ್ತನ ಮಾತು ಎಂದು. ಇಬ್ಬರೂ ಆಸ್ತಿಕರೇ, ಕಾರಣಗಳು ಮಾತ್ರ ಪರಸ್ಪರ ವಿರುದ್ಧ.

ಪ್ರಭಾಕರನಿಗೆ ಈ ಮಧ್ಯದ ದಾರಿ ಸಾಲದು. ಒಂದೇ ಒಂದು ಅರಿವು ಸುಳ್ಳಾಗಬಹುದು ಎಂದು ಒಪ್ಪಿದರೂ ಎಲ್ಲ ಅರಿವಿನ ಮೇಲೂ ಸಂಶಯ ಬರುತ್ತದೆ. ಆದ್ದರಿಂದ ಸುಳ್ಳು ಅರಿವು ಎಂಬುದೇ ಇಲ್ಲ ಎಂದು ಅವನು ಬಾಗಿಲನ್ನೇ ಹಾಕಿಬಿಡುತ್ತಾನೆ. ‘ಇದು ಬೆಳ್ಳಿ’ ಎಂಬುದು ಒಂದು ಅರಿವಲ್ಲ, ಎರಡು. ‘ಇದು’ ಎಂಬುದು ಪ್ರತ್ಯಕ್ಷ, ಅದು ಸತ್ಯ. ‘ಬೆಳ್ಳಿ’ ಎಂಬುದು ನೆನಪು, ಅದೂ ಸತ್ಯ. ನೆನಪು ತಾನು ನೆನಪು ಎಂಬ ಗುರುತನ್ನು ಕಳೆದುಕೊಂಡಿದೆ; ಎರಡರ ಭೇದ ಹೊಳೆದಿಲ್ಲ, ಅಷ್ಟೇ. ಭ್ರಮೆಯೆಂದರೆ ಏನನ್ನೋ ತಪ್ಪಾಗಿ ಕಾಣುವುದಲ್ಲ, ಒಂದು ಭೇದವನ್ನು ಕಾಣದಿರುವುದು. ಇದು ಅಖ್ಯಾತಿವಾದ. ಬಾಧಜ್ಞಾನ ಯಾವ ಅರಿವನ್ನೂ ಸುಳ್ಳುಮಾಡುವುದಿಲ್ಲ. ಕೈ ಚಾಚಿದ ವ್ಯವಹಾರವನ್ನು ಮಾತ್ರ ನಿಲ್ಲಿಸುತ್ತದೆ.

ಯುಕ್ತಿ ಬಹಳ ಚೆಂದ. ಆದರೆ ಕೈ ಚಾಚಿದ್ದೇ ಅದಕ್ಕೆ ಮುಳ್ಳಾಗುತ್ತದೆ. ಭೇದ ಕಾಣದಿರುವುದು ಒಂದು ಅಭಾವ. ಗಾಢನಿದ್ರೆಯಲ್ಲೂ ಯಾವ ಭೇದವೂ ಕಾಣುವುದಿಲ್ಲ, ಆದರೂ ಯಾರೂ ಎದ್ದು ಓಡುವುದಿಲ್ಲ. ಒಬ್ಬನು ಬಾಗಿ ಎತ್ತಿಕೊಳ್ಳಬೇಕಾದರೆ ‘ಇದೇ ಅದು’ ಎಂಬ ಒಂದು ಅರಿವು ಅವನಲ್ಲಿ ಇರಲೇಬೇಕು ಎಂಬುದು ಉಳಿದವರ ವಾದ. ಈ ಬರಹದ ಅಭಿಪ್ರಾಯದಲ್ಲೂ ಪ್ರಭಾಕರನ ಪಕ್ಷ ಸೋಲುವುದು ಇಲ್ಲೇ. ಆದರೂ ಖ್ಯಾತಿವಾದಗಳಲ್ಲಿ ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ದೂರ ಹೋದದ್ದು ಇನ್ನೊಂದಿಲ್ಲ.

ಸಾಂಖ್ಯ ಮತ್ತು ಯೋಗವನ್ನು ಈ ಪ್ರಶ್ನೆಯ ಮಟ್ಟಿಗೆ ಬೇಗ ದಾಟಬಹುದು. ಚಿಪ್ಪು ಬೆಳ್ಳಿಗಳ ಜಗಳದಲ್ಲಿ ಅವು ಮುಂಚೂಣಿಯಲ್ಲಿಲ್ಲ. ಸಾಂಖ್ಯಕ್ಕೆ ಇರುವ ದೊಡ್ಡ ಭ್ರಮೆ ಒಂದೇ: ಚೈತನ್ಯಮಾತ್ರನಾದ ಪುರುಷ, ಎಲ್ಲವನ್ನೂ ಮಾಡುವ ಪ್ರಕೃತಿಯಿಂದ ತಾನು ಬೇರೆಂದು ತಿಳಿಯದಿರುವ ಅವಿವೇಕ. ಇಲ್ಲಿಯೂ ತಪ್ಪು ಎಂದರೆ ಭೇದ ಹೊಳೆಯದಿರುವುದೇ, ಆ ಮಟ್ಟಿಗೆ ಪ್ರಭಾಕರನ ನೆರೆಮನೆ. ಪತಂಜಲಿಯ ಯೋಗಸೂತ್ರಗಳು ವಿಪರ್ಯಯವನ್ನು, ಅಂದರೆ ತಪ್ಪು ಅರಿವನ್ನು, ಐದು ಚಿತ್ತವೃತ್ತಿಗಳಲ್ಲಿ ಒಂದಾಗಿ ಎಣಿಸಿ ಅದರ ಜೊತೆಗೆ ಸರಿಯಾದ ಅರಿವಾದ ಪ್ರಮಾಣವನ್ನೂ ಅದೇ ಸಾಲಿನಲ್ಲಿ ಇಡುತ್ತವೆ. ಯೋಗಿ ನಿರೋಧಿಸಬೇಕಾದದ್ದು ಎರಡನ್ನೂ. ಬೆಳ್ಳಿಯೋ ಚಿಪ್ಪೋ ಎಂಬ ತೀರ್ಮಾನಕ್ಕಿಂತ ಆ ತೀರ್ಮಾನ ಮಾಡುವ ಚಿತ್ತವನ್ನು ಶಾಂತಗೊಳಿಸುವುದು ಅಲ್ಲಿಯ ಕೆಲಸ.

ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯವನ್ನು ಆರಂಭಿಸುವುದು ಬ್ರಹ್ಮದಿಂದಲ್ಲ, ಭ್ರಮೆಯಿಂದ. ಅಧ್ಯಾಸಭಾಷ್ಯವೆಂದು ಹೆಸರಾದ ಆ ಪೀಠಿಕೆಯಲ್ಲಿ ಚಿಪ್ಪು ಬೆಳ್ಳಿಯಂತೆ ತೋರುವ ದೃಷ್ಟಾಂತ ಬರುತ್ತದೆ. ಉಳಿದ ದರ್ಶನಗಳಿಗೆ ಭ್ರಮೆ ಪರಿಹರಿಸಬೇಕಾದ ಒಂದು ತೊಡಕು. ಅದ್ವೈತಕ್ಕೆ ಅದು ಇಡೀ ಸಂಸಾರದ ಮಾದರಿ. ಆದ್ದರಿಂದ ಅದ್ವೈತಿಗಳು ಬೆಳ್ಳಿಯನ್ನು ಬಹಳ ಎಚ್ಚರದಿಂದ ಪರೀಕ್ಷಿಸುತ್ತಾರೆ.

ಆ ಬೆಳ್ಳಿ ಸತ್ಯವೇ? ಸತ್ಯವಾಗಿದ್ದರೆ ಬಾಧವಾಗುತ್ತಿರಲಿಲ್ಲ. ಹಾಗಾದರೆ ಅಸತ್ತೇ? ಮೊಲದ ಕೊಂಬು ಅಸತ್ತು; ಅದು ಎಂದೂ ಯಾರ ಕಣ್ಣಿಗೂ ಬಿದ್ದಿಲ್ಲ, ಯಾರನ್ನೂ ಬಾಗಿಸಿಲ್ಲ. ಈ ಬೆಳ್ಳಿ ಕಂಡಿತು, ಕೈಯನ್ನೂ ಚಾಚಿಸಿತು. ಎರಡೂ ಆಗಿದೆ ಎನ್ನುವುದು ವಿರೋಧ. ಉಳಿಯುವುದು ಒಂದೇ: ಅದು ಸತ್ತೂ ಅಲ್ಲ, ಅಸತ್ತೂ ಅಲ್ಲ, ಸದಸತ್ತುಗಳೆರಡಕ್ಕೂ ಹೊರತಾದ ಅನಿರ್ವಚನೀಯ. ಅದು ಅಂಗಡಿಯ ಬೆಳ್ಳಿಯಲ್ಲ, ನೆನಪಿನ ಬೆಳ್ಳಿಯೂ ಅಲ್ಲ. ಅಲ್ಲೇ, ಆಗಲೇ ಹುಟ್ಟಿದ ಬೆಳ್ಳಿ. ಚಿಪ್ಪಿನ ಕುರಿತ ಅಜ್ಞಾನ ಎರಡು ಕೆಲಸ ಮಾಡುತ್ತದೆ: ಚಿಪ್ಪನ್ನು ಮುಚ್ಚುತ್ತದೆ, ಅದರ ಜಾಗದಲ್ಲಿ ಬೆಳ್ಳಿಯನ್ನು ಒಡ್ಡುತ್ತದೆ. ಕಾಣುವಷ್ಟು ಹೊತ್ತು ಅದು ಇರುತ್ತದೆ. ಚಿಪ್ಪಿನ ಜ್ಞಾನ ಹುಟ್ಟಿದಾಗ ಅಜ್ಞಾನದ ಜೊತೆಗೇ ಹೋಗುತ್ತದೆ. ಹೋಗುವುದಷ್ಟೇ ಅಲ್ಲ, ಇಲ್ಲಿ ಬೆಳ್ಳಿ ಎಂದೂ ಇರಲಿಲ್ಲ ಎಂಬ ಅರಿವನ್ನು ಉಳಿಸುತ್ತದೆ. ಎಲ್ಲಿ ಕಂಡಿತೋ ಅಲ್ಲೇ ಮೂರು ಕಾಲಕ್ಕೂ ಇಲ್ಲವೆನಿಸಿಕೊಳ್ಳುವುದು ಯಾವುದೋ ಅದು ಮಿಥ್ಯೆ.

ಇದನ್ನೇ ದೊಡ್ಡದು ಮಾಡಿದರೆ ಅದ್ವೈತ ಸಿದ್ಧಾಂತ ಸಿಗುತ್ತದೆ. ಚಿಪ್ಪಿನ ಜಾಗದಲ್ಲಿ ಬ್ರಹ್ಮ, ಬೆಳ್ಳಿಯ ಜಾಗದಲ್ಲಿ ಜಗತ್ತು. ಆದರೆ ಎರಡು ಬೆಳ್ಳಿಗಳೂ ಒಂದೇ ಮಟ್ಟದವಲ್ಲ. ದಂಡೆಯ ಮೇಲಿನ ಬೆಳ್ಳಿ ಪ್ರಾತಿಭಾಸಿಕ, ಒಬ್ಬನಿಗೆ ಸ್ವಲ್ಪ ಹೊತ್ತು ತೋರುವಂಥದು. ಅಂಗಡಿಯ ಬೆಳ್ಳಿಯೂ ಚಿಪ್ಪೂ ವ್ಯಾವಹಾರಿಕ, ಬ್ರಹ್ಮಜ್ಞಾನದವರೆಗೆ ಬಾಧವಾಗದೆ ನಿಲ್ಲುವಂಥವು. ಬ್ರಹ್ಮವೊಂದೇ ಪಾರಮಾರ್ಥಿಕ. ಹಾಗಾಗಿ ‘ಶಂಕರರ ಪ್ರಕಾರ ಜಗತ್ತು ಇಲ್ಲವೇ ಇಲ್ಲ’ ಎಂದು ಬರೆಯುವುದು ಜಗತ್ತನ್ನು ಮೊಲದ ಕೊಂಬಿನ ಸಾಲಿಗೆ ಸೇರಿಸಿದಂತೆ. ಅದ್ವೈತಿ ಅತ್ಯಂತ ಜಾಗರೂಕತೆಯಿಂದ ತಪ್ಪಿಸಿಕೊಂಡ ಮಾತೇ ಅದು. ಹೊರಗಿನ ವಸ್ತು ಇಲ್ಲ, ಅರಿವೇ ಬೆಳ್ಳಿಯ ಆಕಾರ ತಾಳಿ ಹೊರಗೆ ತೋರುತ್ತದೆ ಎಂದವರು ವಿಜ್ಞಾನವಾದಿ ಬೌದ್ಧರು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು ಅದನ್ನು ನೇರವಾಗಿ ಖಂಡಿಸುತ್ತಾರೆ. ಎಚ್ಚರದ ಅರಿವು ಕನಸಿನ ಅರಿವಿನಂತಲ್ಲ ಎಂದೂ ಅಲ್ಲೇ ವಾದಿಸುತ್ತಾರೆ. ಉತ್ತರಪತ್ರಿಕೆಗಳಲ್ಲಿ ವಿಜ್ಞಾನವಾದವನ್ನೇ ಬರೆದು ಅದ್ವೈತವೆಂದು ಹೆಸರಿಡುವುದು ಪದೇ ಪದೇ ಕಾಣುವ ತಪ್ಪು. ಗುರುತಿಸುವ ಬಗೆ ಸುಲಭ: ಉತ್ತರದಲ್ಲಿ ಚಿಪ್ಪು ಉಳಿದಿದೆಯೇ ಎಂದು ನೋಡಬೇಕು. ಅದ್ವೈತದಲ್ಲಿ ಬೆಳ್ಳಿ ಹೋದ ಮೇಲೂ ಅಧಿಷ್ಠಾನವಾದ ಚಿಪ್ಪು ಉಳಿಯಲೇಬೇಕು.

ರಾಮಾನುಜಾಚಾರ್ಯರಿಗೆ ಈ ಮಾದರಿಯ ಅಪಾಯ ಚೆನ್ನಾಗಿ ಗೊತ್ತಿತ್ತು. ಚಿಪ್ಪಿನಲ್ಲಿ ಒಂದಿಷ್ಟು ಮಿಥ್ಯೆಗೆ ಜಾಗ ಕೊಟ್ಟರೆ ಅದು ಬೆಳೆದು ಜಗತ್ತನ್ನೆಲ್ಲ ನುಂಗುತ್ತದೆ. ಅವರಿಗೆ ಚೇತನವೂ ಅಚೇತನವೂ ಬ್ರಹ್ಮದ ಶರೀರ. ಶರೀರವೇ ಮಿಥ್ಯೆಯಾದರೆ ಶರೀರಿಯ ಮಹಿಮೆಗೆ ಅರ್ಥವಿಲ್ಲ. ಆದ್ದರಿಂದ ಶ್ರೀಭಾಷ್ಯದಲ್ಲಿ ಅವರು ಪ್ರಭಾಕರನಂತೆಯೇ ಎಲ್ಲ ಅರಿವೂ ಯಥಾರ್ಥ ಎಂಬ ಪಕ್ಷ ಹಿಡಿಯುತ್ತಾರೆ. ಆದರೆ ನೆನಪಿನ ಮೊರೆಹೋಗದೆ ವಸ್ತುವಿನೊಳಗೇ ಕಾರಣ ಹುಡುಕುತ್ತಾರೆ. ಛಾಂದೋಗ್ಯ ಉಪನಿಷತ್ತು ತೇಜಸ್ಸು, ನೀರು, ಅನ್ನ ಎಂಬ ಮೂರೂ ಒಂದರಲ್ಲೊಂದು ಬೆರೆತ ತ್ರಿವೃತ್ಕರಣವನ್ನು ಹೇಳುತ್ತದೆ. ಹಾಗೆ ಬೆರೆತ ಜಗತ್ತಿನಲ್ಲಿ ಚಿಪ್ಪಿನೊಳಗೂ ಬೆಳ್ಳಿಯ ಅಂಶ ಸ್ವಲ್ಪ ಇದ್ದೇ ಇದೆ. ಇಲ್ಲದಿದ್ದರೆ ಎರಡಕ್ಕೂ ಹೋಲಿಕೆ ಎಲ್ಲಿಂದ ಬರಬೇಕು? ಕಣ್ಣಿನ ದೋಷದಿಂದ ಹೆಚ್ಚಿಗಿರುವ ಚಿಪ್ಪಿನ ಅಂಶ ಕಾಣದೆ, ಕಡಿಮೆಯಿರುವ ಬೆಳ್ಳಿಯ ಅಂಶ ಕಂಡಿತು. ಕಂಡದ್ದು ಸುಳ್ಳಲ್ಲ, ಬಳೆ ಮಾಡಿಸುವಷ್ಟಿಲ್ಲ, ಅಷ್ಟೇ. ಯಾವ ಅಂಶ ಹೆಚ್ಚೋ ಅದರ ಹೆಸರಿನಿಂದ ವಸ್ತುವನ್ನು ಕರೆಯುವುದು ಲೋಕದ ವ್ಯವಹಾರ.

ಇದಕ್ಕೆ ಅವರು ಯಜ್ಞಶಾಸ್ತ್ರದಿಂದಲೇ ಬೆಂಬಲ ತರುತ್ತಾರೆ. ಸೋಮಲತೆ ಸಿಗದಿದ್ದರೆ ಪೂತೀಕವನ್ನು, ಭತ್ತ ಇಲ್ಲದಿದ್ದರೆ ನೀವಾರವೆಂಬ ಕಾಡುಭತ್ತವನ್ನು ಬಳಸಬಹುದೆಂಬ ವಿಧಿ ಇದೆ. ಬದಲಿ ವಸ್ತುವಿನಲ್ಲಿ ಮೂಲವಸ್ತುವಿನ ಅಂಶ ಇರುವುದರಿಂದಲೇ ಈ ವಿಧಿ ಸಲ್ಲುತ್ತದೆ ಎಂಬುದು ಅವರ ವಿವರಣೆ. ಕನಸಿನ ವಿಷಯದಲ್ಲಿ ಇನ್ನೂ ಧೈರ್ಯದ ಹೆಜ್ಜೆ: ಕನಸಿನ ಆನೆಯೂ ರಥವೂ ನಿಜವೇ, ಕಾಣುವವನ ಕರ್ಮಕ್ಕೆ ತಕ್ಕಂತೆ ಈಶ್ವರನು ಅವನೊಬ್ಬನಿಗಾಗಿ, ಅಷ್ಟು ಹೊತ್ತಿಗಾಗಿ ಅವನ್ನು ಸೃಷ್ಟಿಸುತ್ತಾನೆ. ಮೊದಲ ಸಲ ಓದುವವರಿಗೆ ಇದು ಅತಿಯಾಯಿತೆನಿಸಬಹುದು. ಆದರೆ ಅರಿವು ಎಂದೂ ಶೂನ್ಯವನ್ನು ತೋರಿಸುವುದಿಲ್ಲ ಎಂಬ ಮಾತಿಗೆ ಕೊನೆಯವರೆಗೂ ನಿಷ್ಠನಾದವನು ಇಲ್ಲಿಗೆ ಬರಲೇಬೇಕು.

ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ, 13ನೇ ಶತಮಾನದ ಮಧ್ವಾಚಾರ್ಯರು ರಾಮಾನುಜರಂತೆ ಜಗತ್ತಿನ ಸತ್ಯತ್ವವನ್ನು ಕಾಯುವವರೇ. ಆದರೆ ಅವರು ಹಿಡಿದ ದಾರಿ ಪೂರ್ತಿ ಎದುರು ದಿಕ್ಕಿನದು. ಚಿಪ್ಪಿನಲ್ಲಿ ಕಂಡ ಬೆಳ್ಳಿ ಒಂದು ಅಂಶವಾಗಿಯೂ ಅಲ್ಲಿಲ್ಲ, ಅದು ಅತ್ಯಂತ ಅಸತ್ತು. ಬೇರೆ ಕಡೆ ಇರುವ ಬೆಳ್ಳಿಯೂ ಅದಲ್ಲ. ಹಿಂದೆ ಕಂಡ ನಿಜವಾದ ಬೆಳ್ಳಿಯ ಸಂಸ್ಕಾರ ಕಾರಣವಾಗಿ ನಿಂತಿದೆ, ಆದರೆ ಇಲ್ಲಿ ತೋರಿದ್ದು ಆ ಬೆಳ್ಳಿಯಲ್ಲ. ಎದುರಿಗಿದ್ದ ಸತ್ಯವಾದ ಚಿಪ್ಪೇ, ಇಲ್ಲದ ಬೆಳ್ಳಿಯಾಗಿ ತೋರಿತು. ನ್ಯಾಯದ ಅನ್ಯಥಾಖ್ಯಾತಿಗೆ ಹತ್ತಿರವಾಗಿದ್ದೂ ಈ ಒಂದು ಕಡೆ ಬೇರೆಯಾಗುವುದರಿಂದ ಇದಕ್ಕೆ ಅಭಿನವ ಅನ್ಯಥಾಖ್ಯಾತಿ ಎಂದು ಹೆಸರಾಯಿತು.

ಅಸತ್ತು ಹೇಗೆ ತೋರೀತು ಎಂಬುದು ಅದ್ವೈತಿಯ ಪ್ರಶ್ನೆ. ಮಾಧ್ವರ ಉತ್ತರ ಹರಿತವಾದದ್ದು. ‘ಮೊಲದ ಕೊಂಬು ತೋರುವುದಿಲ್ಲ’ ಎಂದು ಹೇಳಬೇಕಾದರೂ ಮೊಲದ ಕೊಂಬಿನ ಅರಿವು ಒಂದಿಷ್ಟು ಬೇಕಲ್ಲ? ಅರಿವೇ ಇಲ್ಲದಿದ್ದರೆ ಅದನ್ನು ನಿಷೇಧಿಸುವುದೂ ಆಗುವುದಿಲ್ಲ. ಅಲ್ಲದೆ ಭ್ರಮೆ ಕಳೆದವನನ್ನು ಕೇಳಿದರೆ ‘ಇಲ್ಲದ ಬೆಳ್ಳಿ ಕಂಡಿತು’ ಎನ್ನುತ್ತಾನೆಯೇ ವಿನಾ, ಇದ್ದದ್ದೂ ಅಲ್ಲದ ಇಲ್ಲದ್ದೂ ಅಲ್ಲದ ಬೆಳ್ಳಿ ಕಂಡಿತು ಎನ್ನುವುದಿಲ್ಲ. ಇರುವುದು ಮತ್ತು ಇಲ್ಲದಿರುವುದು, ಇವೆರಡರ ನಡುವೆ ಮೂರನೆಯ ಜಾತಿಯಿಲ್ಲ. ಈ ಮೂರನೆಯ ಜಾತಿ ಹೋದರೆ ಅದ್ವೈತದ ಮಿಥ್ಯೆಗೆ ನೆಲೆ ಹೋಗುತ್ತದೆ. ಜಗತ್ತು ಬೆಳ್ಳಿಯಂತೆ ಎಂದೂ ಬಾಧವಾಗಿಲ್ಲ, ಆದ್ದರಿಂದ ಅದು ಸತ್ಯ. ಜಗತ್ತು ಸತ್ಯವಾದರೆ ಅದರೊಳಗೆ ಕಾಣುವ ಭೇದಗಳೂ ಸತ್ಯ: ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವಜೀವರಿಗೆ, ಜೀವನಿಗೂ ಜಡಕ್ಕೂ, ಜಡಜಡಕ್ಕೆ ಇರುವ ಪಂಚಭೇದ. ಕಣ್ಣು, ಮನಸ್ಸು ತಪ್ಪಬಹುದು. ಅರಿವಿನ ಪ್ರಾಮಾಣ್ಯವನ್ನು ಕೊನೆಗೆ ನಿಶ್ಚಯಿಸುವ, ಆತ್ಮಸ್ವರೂಪವೇ ಆದ ಸಾಕ್ಷಿ ತಪ್ಪುವುದಿಲ್ಲ ಎಂಬುದು ಈ ದರ್ಶನದ ವಿಶೇಷ ಸಿದ್ಧಾಂತ.

ಈ ವಾದ ಆಚಾರ್ಯರ ಕಾಲಕ್ಕೆ ಮುಗಿಯಲಿಲ್ಲ. ವಿಜಯನಗರದಲ್ಲಿ ಮನ್ನಣೆ ಪಡೆದಿದ್ದ ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಅದ್ವೈತಿಗಳು ಮಿಥ್ಯಾತ್ವಕ್ಕೆ ಕೊಟ್ಟಿದ್ದ ಐದು ಲಕ್ಷಣಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿದರು. ಅದಕ್ಕೆ ಮಧುಸೂದನ ಸರಸ್ವತಿಗಳು ‘ಅದ್ವೈತಸಿದ್ಧಿ’ಯಲ್ಲಿ ಹೆಜ್ಜೆಹೆಜ್ಜೆಗೂ ಉತ್ತರ ಕೊಟ್ಟರು. ಆ ಉತ್ತರಕ್ಕೆ ಮರುಉತ್ತರಗಳೂ ಬಂದವು. ಎದುರಾಳಿಯ ಗ್ರಂಥವನ್ನು ಪೂರ್ತಿ ಓದದೆ ಅವರಲ್ಲಿ ಯಾರೂ ಲೇಖನಿ ಎತ್ತಲಿಲ್ಲ. ‘ಎಲ್ಲ ದರ್ಶನಗಳೂ ಕೊನೆಗೆ ಹೇಳುವುದು ಒಂದನ್ನೇ’ ಎಂಬ ಸೌಜನ್ಯದ ಮಾತು ಈ ದುಡಿಮೆಯನ್ನು ಗಮನಿಸಿದ ಮಾತಲ್ಲ.

ಚಿಪ್ಪಿನ ದೃಷ್ಟಾಂತಕ್ಕೂ ಮಿತಿಯಿದೆ. ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಸ್ಫಟಿಕಕ್ಕೆ ಬಣ್ಣವಿಲ್ಲವೆಂದು ತಿಳಿದ ಮೇಲೂ, ಹೂವನ್ನು ಸರಿಸುವವರೆಗೆ, ಕೆಂಪು ಹೋಗುವುದಿಲ್ಲ. ಬೆಳ್ಳಿ ಜ್ಞಾನದಿಂದ ಹೋಗುತ್ತದೆ, ಕೆಂಪು ಹೋಗದು. ಇಲ್ಲಿ ಪ್ರಭಾಕರನಿಗೆ ನೆನಪು ಬೇಕೇ ಆಗುವುದಿಲ್ಲ. ಸ್ಫಟಿಕವೂ ಕೆಂಪೂ ಎರಡೂ ಪ್ರತ್ಯಕ್ಷ, ಭೇದ ಮಾತ್ರ ಕಾಣದು. ನೈಯಾಯಿಕನಿಗೂ ಈ ಸಲ ದೂರದ ಅಂಗಡಿಗೆ ಸೇತುವೆ ಕಟ್ಟಬೇಕಿಲ್ಲ, ಕೆಂಪು ಪಕ್ಕದಲ್ಲೇ ಇದೆ. ರಾಮಾನುಜರು ಹೂವಿನ ಪ್ರಭೆ ಸ್ಫಟಿಕವನ್ನು ಆವರಿಸುವುದರಿಂದ ಕೆಂಪು ಕಾಣುತ್ತದೆ ಎನ್ನುತ್ತಾರೆ. ಅದ್ವೈತಿಗೆ ಇದು ಕಷ್ಟವೂ ಹೌದು, ಸಹಾಯವೂ ಹೌದು. ಜ್ಞಾನವಾದ ಮೇಲೂ ತೋರಿಕೆ ಉಳಿಯಬಹುದೆಂದಾದರೆ, ಜ್ಞಾನಿಯಾದವನು ದೇಹದಲ್ಲಿದ್ದುಕೊಂಡೇ ಜಗತ್ತನ್ನು ಕಾಣುತ್ತಿರುವ ಜೀವನ್ಮುಕ್ತಿಗೆ ಅದು ಒಳ್ಳೆಯ ದೃಷ್ಟಾಂತ.

ಹೊಸದಾಗಿ ಓದುತ್ತಿರುವ ನಿಮ್ಮಲ್ಲಿ ಕೋರಿಕೆ ಇಷ್ಟು. ಯಾವ ದರ್ಶನವನ್ನು ಓದುವಾಗಲೂ ಅದರ ಉತ್ತರವನ್ನು ಬರೆದುಕೊಳ್ಳುವ ಮೊದಲು ಬೆಳ್ಳಿ ಎಲ್ಲಿತ್ತು, ಅರಿವು ಒಂದೋ ಎರಡೋ, ಬಾಧವಾದದ್ದು ಯಾವುದು ಎಂದು ಆ ದರ್ಶನವನ್ನೇ ಕೇಳಬೇಕು. ಒಂದು ಮತದ ಖಂಡನೆಯನ್ನು ಎದುರಾಳಿಯ ಗ್ರಂಥದಿಂದ ಓದಿದ ಮೇಲೆ, ಆ ಮತದವರ ಸ್ವಂತ ಗ್ರಂಥದ ಒಂದು ಪುಟವನ್ನಾದರೂ ಅನುವಾದದಲ್ಲಿ ಓದಬೇಕು. ಬೆಳ್ಳಿಯ ಬದಲಿಗೆ ಕಾಮಾಲೆಯವನಿಗೆ ಹಳದಿಯಾಗಿ ಕಾಣುವ ಶಂಖವನ್ನೋ ಕಣ್ಣೊತ್ತಿಕೊಂಡವನಿಗೆ ಕಾಣುವ ಎರಡು ಚಂದ್ರರನ್ನೋ ಇಟ್ಟುಕೊಂಡು ಇದೇ ಸುತ್ತನ್ನು ಒಮ್ಮೆ ನೀವೇ ಹಾಕಿ ನೋಡಬೇಕು. ಯಾವ ವಾದ ಎಲ್ಲಿ ತಡವರಿಸುತ್ತದೆಂದು ಆಗ ಕಾಣುತ್ತದೆ. ಭಕ್ತಿ, ಕರ್ಮ, ಮೋಕ್ಷಗಳ ಸ್ವರೂಪದ ಬಗೆಗಿನ ಭೇದಗಳೆಲ್ಲ ಈ ಒಂದು ದಾರಿಯಿಂದ ಸಿಗುವುದಿಲ್ಲ, ಕಾಶ್ಮೀರದ ಪ್ರತ್ಯಭಿಜ್ಞೆಯಂಥ ಶೈವ ದರ್ಶನಗಳಿಗೂ ಇಲ್ಲಿ ಜಾಗ ಸಾಲಲಿಲ್ಲ. ಅವುಗಳಿಗೆ ಬೇರೆ ಪ್ರಶ್ನೆಗಳನ್ನೇ ಹಿಡಿದು ಹೋಗಬೇಕಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ತತ್ತ್ವಶಾಸ್ತ್ರದ ಒಬ್ಬ ಅಧ್ಯಾಪಕ